ತಲೆಗೆ 300 ರೂಪಾಯಿ ಹೆಚ್ಚಾಯ್ತಾ?

ಕೇಳಿದವರು, ಅಂಕೋಲಾ: ನಮ್ಮ ಸಂಘದಿಂದ ಮೀನುಗಾರರ ಕೇರಿಯಲ್ಲಿ ಆಗಸ್ಟ್ ಭಾನುವಾರ ಬಿಪಿ, ಶುಗರ್, ಕಣ್ಣಿನ ತಪಾಸಣೆ ಶಿಬಿರ. ಬಜೆಟ್ 1,20,000, ಬರುವವರು 400 ಅಂತ ಅಂದಾಜು. ದುಡ್ಡು ಕೊಡುವವರು "ಒಬ್ಬರಿಗೆ 300 ಜಾಸ್ತಿ ಆಯ್ತಲ್ಲ" ಅಂದ್ರು. ಜಾಸ್ತಿಯೋ ಅಲ್ವೋ ಹೇಗೆ ನೋಡೋದು? ಮಾಡಿದವರು ಹೇಳಿ.

ಹೊನ್ನಾವರದಿಂದ: ಜಾಸ್ತಿಯೇ ಮಾರಾಯ್ರೆ. ನಾವು ಹೋದ ವರ್ಷ ತಲೆಗೆ 90ರಲ್ಲಿ ಮುಗಿಸಿದ್ವಿ. ಶಾಮಿಯಾನ ಯಾಕೆ? ಭಾನುವಾರ ಶಾಲೆ ಖಾಲಿ ಇರ್ತದೆ, ಕೇಳಿ ನೋಡಿ.

ಕುಮಟಾದಿಂದ, ಸಂಘದ ಖಜಾಂಚಿ: ಶಾಲೆಯ ಮಾತು ಸರಿ. ಆದರೆ ಆ 90ರಲ್ಲಿ ಕನ್ನಡಕ ಇತ್ತಾ? ಮತ್ತೆ ಎಷ್ಟು ಜನ ಅಂತ ಎಲ್ಲಿಂದ ಎಣಿಸಿದ್ರಿ?

ಹೊನ್ನಾವರದಿಂದ: ಕನ್ನಡಕ ಇಲ್ಲ. ಬಿಪಿ ಟೇಬಲ್ಲಿನ ಪುಸ್ತಕ, ಶುಗರ್ ಟೇಬಲ್ಲಿನ ಪುಸ್ತಕ ಎರಡೂ ಸೇರಿ 600 ಹೆಸರು.

ಕುಮಟಾದಿಂದ: ಅಲ್ಲೇ ಇರೋದು ನೋಡಿ. ಎರಡೂ ಟೇಬಲ್ಲಿಗೆ ಹೋದವ ಎರಡು ಸಲ ಎಣಿಕೆಗೆ ಬಂದ. 600 ಹೆಸರಿಗೆ ತಲಾ 90 ಅಂದ್ರೆ ಖರ್ಚು 54,000. ನಿಜಕ್ಕೂ ಬಂದವರು 300 ಆಗಿದ್ರೆ ತಲೆಗೆ 180 ಆಯ್ತು. ನಾವೂ ಒಮ್ಮೆ ಹೀಗೇ ಎಣಿಸಿ, ವರದಿ ಕೊಟ್ಟ ಮೇಲೆ ನಾಚಿಕೆಪಟ್ಟದ್ದು. ಈಗ ಬಾಗಿಲಲ್ಲಿ ಒಂದೇ ಕ್ರಮಸಂಖ್ಯೆಯ ಚೀಟಿ ಕೊಡ್ತೇವೆ, ಪ್ರತಿ ಟೇಬಲ್ಲಲ್ಲೂ ಅದರ ಮೇಲೇ ಗುರುತು ಹಾಕ್ತಾರೆ. ಕೊನೆಯಲ್ಲಿ ಚೀಟಿ ಎಣಿಸಿದ್ರೆ ಸಾಕು.

ಅಂಕೋಲಾದವರೇ, ನಿಮ್ಮ ಬಜೆಟ್ ಬಿಡಿಸಿ ಹಾಕಿ.

ಅಂಕೋಲಾ: ಶಾಮಿಯಾನ, ಕುರ್ಚಿ, ಮೈಕು 18,000. ಡಾಕ್ಟರರ ಮತ್ತು ಸಾಮಾನಿನ ವಾಹನ 12,000. ಬ್ಯಾನರ್, ಆಟೋ ಪ್ರಚಾರ 6,000. ಊಟ-ಚಹಾ 14,000. ಶುಗರ್ ಸ್ಟ್ರಿಪ್, ಸೂಜಿ, ಹತ್ತಿ ತಲೆಗೆ 25. ಔಷಧಿ ತಲೆಗೆ 75. ಕನ್ನಡಕ 100 ಜೋಡಿ, ಒಂದಕ್ಕೆ 300.

ಶಿರಸಿಯಿಂದ: ನಮ್ಮಲ್ಲಿ ರಕ್ತದಾನ ಶಿಬಿರಕ್ಕೆ ಇಷ್ಟು ಖರ್ಚು ಬರೂದಿಲ್ಲ. ಬ್ಲಡ್ ಬ್ಯಾಂಕಿನವರೇ ಚೀಲ, ಸೂಜಿ ಎಲ್ಲ ತರ್ತಾರೆ, ನಮ್ಮದು ಬಾಳೆಹಣ್ಣು, ಬಿಸ್ಕಿಟು, ಜ್ಯೂಸು ಅಷ್ಟೇ.

ಕುಮಟಾದಿಂದ: ಅದು ಬೇರೆ ಲೆಕ್ಕ, ಭಾವ. ಅಲ್ಲಿ ಬಂದವರು ಕೊಟ್ಟು ಹೋಗ್ತಾರೆ!

ಅಂಕೋಲಾದವರ ಪಟ್ಟಿಯ ಮೊದಲ ನಾಲ್ಕು ಸೇರಿ 50,000. ನಾಲ್ಕು ಜನ ಬಂದ್ರೂ, ನಾನೂರು ಜನ ಬಂದ್ರೂ ಅದು ಅಷ್ಟೇ. ಉಳಿದದ್ದು ಬಂದವರ ಸಂಖ್ಯೆಗೆ ತಕ್ಕ ಹಾಗೆ ಏರಿಳಿಯುತ್ತದೆ. ಕನ್ನಡಕ ನಾಲ್ವರಲ್ಲಿ ಒಬ್ಬರಿಗೆ, ಅಂದ್ರೆ ಸರಾಸರಿ ತಲೆಗೆ 75. ಹಾಗಾಗಿ ತಲೆಗೆ 175. ನಾನೂರು ಬಂದ್ರೆ 50,000ದ ಪಾಲು 125, ಒಟ್ಟು 300. ನೀವು ಹೇಳಿದ್ದೇ.

ಈಗ 250 ಜನ ಮಾತ್ರ ಬಂದ್ರೆ? ಪಾಲು 200 ಆಗ್ತದೆ, ಒಟ್ಟು 375. ಅದೂ ಉಳಿದ ಔಷಧಿ, ಕನ್ನಡಕ ಅಂಗಡಿಯವ ವಾಪಸ್ ತಗೊಂಡ್ರೆ ಮಾತ್ರ. ತಗೊಳ್ಳದೇ ಹೋದ್ರೆ 1,20,000ವನ್ನು 250ರಿಂದ ಭಾಗಿಸಿ, 480. ವಾಪಸಾತಿಯ ಮಾತು ಮೊದಲೇ ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

ಮತ್ತೊಂದು, ಆಗಸ್ಟ್ ಯಾಕೆ? ಯಾಂತ್ರಿಕ ದೋಣಿಗಳಿಗೆ ನಿಷೇಧ ಜೂನ್ 1ರಿಂದ ಜುಲೈ 31ರವರೆಗೆ. ಆಗಸ್ಟ್‌ನಲ್ಲಿ ಗಂಡಸರು ಕಡಲಿಗೆ, ಹೆಂಗಸರು ಮೀನು ಮಾರಲಿಕ್ಕೆ. ನಾನೂರು ಅನ್ನೋದು ಯಾರ ಅಂದಾಜು?

ಅಂಕೋಲಾ: ಅಧ್ಯಕ್ಷರದ್ದು. ಕುರ್ಚಿ ಎಣಿಸಿ ಹೇಳಿದ್ದು ಅನ್ನಿಸ್ತದೆ.

ಕಾರವಾರದಿಂದ, ಆರೋಗ್ಯ ಸಿಬ್ಬಂದಿ: ನನ್ನ ಕಣ್ಣಿಗೆ ಬಿದ್ದದ್ದು ಔಷಧಿಯ ಸಾಲು. ಒಮ್ಮೆ ಬಿಪಿ ಹೆಚ್ಚು ತೋರಿಸಿದ ಮಾತ್ರಕ್ಕೆ ಐದು ದಿನದ ಮಾತ್ರೆ ಕೊಟ್ಟು ಕಳಿಸಿದ್ರೆ ಆರನೇ ದಿನ ಅವರು ಏನು ಮಾಡಬೇಕು? ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರ್ ಮಾತ್ರೆ ಪುಕ್ಕಟೆ ಸಿಗ್ತದೆ. ಚೀಟಿ ಬರೆದು ಅಲ್ಲಿಗೆ ಕಳಿಸಿ, ತಿಂಗಳ ನಂತರ ಎಷ್ಟು ಜನ ಹೋದ್ರು ಅಂತ ಆಶಾ ಕಾರ್ಯಕರ್ತೆಯ ಹತ್ತಿರ ಕೇಳಿ. ಕಣ್ಣಿನ ಪೊರೆ ಸಿಕ್ಕವರದ್ದೂ ಹಾಗೇ, ಆಸ್ಪತ್ರೆಗೆ ಕರೆದೊಯ್ಯುವ ವಾಹನಕ್ಕೆ ಬಜೆಟ್‌ನಲ್ಲಿ ಒಂದು ರೂಪಾಯಿಯೂ ಇಲ್ಲ.

ಕುಮಟಾದಿಂದ: ಅಕ್ಕ ಹೇಳಿದ್ದು ಸತ್ಯ. ಬೇರೆ ಶಿಬಿರದ ತಲೆಲೆಕ್ಕಕ್ಕೆ ಹೋಲಿಸೋದಕ್ಕಿಂತ ಒಂದೊಂದೇ ಸಾಲು ಹಿಡಿದು ಕೇಳಿ: ಇದು ಯಾರಿಗೆ, ಎಷ್ಟು, ಯಾಕೆ? ಊಟದ 14,000 ಯಾರಿಗೆ?

ಅಂಕೋಲಾ: ಸಿಬ್ಬಂದಿ, ಸ್ವಯಂಸೇವಕರು ಸೇರಿ 40 ಜನ. ಅಯ್ಯೋ, ತಲೆಗೆ 350 ಆಯ್ತು! ಉದ್ಘಾಟನೆಗೆ ಬರುವವರ ಊಟವೂ ಇದರಲ್ಲೇ ಸೇರಿದೆ. ಅದು ಶಿಬಿರದ ಖರ್ಚಲ್ಲ. 150ರಂತೆ 6,000 ಹಾಕ್ತೇನೆ.

ಕುಮಟಾದಿಂದ: ಹಾಕಿ. ಆಗ ಸ್ಥಿರ ಖರ್ಚು 42,000. 250 ಜನಕ್ಕೆ ಪಾಲು 168, ಒಟ್ಟು 343. ದುಡ್ಡು ಕೊಡುವವರಿಗೆ ಈ ಸಂಖ್ಯೆಯನ್ನೇ ತೋರಿಸಿ. ಕನ್ನಡಕ ಬೇರೆ ಸಾಲಲ್ಲಿರಲಿ. ತಪಾಸಣೆಗೆ ಬಂದವರದ್ದು ತಲೆಗೆ 268, ಕನ್ನಡಕ ಪಡೆದವರಿಗೆ ಮೇಲಿಂದ 300. ಸರಾಸರಿಯಲ್ಲಿ ಬೆರೆಸಿದ್ರೆ ಎರಡೂ ಕಾಣೂದಿಲ್ಲ.

ಹೊನ್ನಾವರದಿಂದ: ಪುಕ್ಕಟೆ ಬರುವ ಡಾಕ್ಟರರ ಸಂಬಳವನ್ನೂ ಸೇರಿಸಬೇಕಲ್ಲ? ಆಗ 600 ದಾಟ್ತದೆ.

ಕುಮಟಾದಿಂದ: ನಾನು ಸೇರಿಸೂದಿಲ್ಲ, ಕೆಳಗೆ ದಾನ ಅಂತ ಬೇರೆ ಬರೀತೇನೆ.

ಕಾರವಾರದಿಂದ: ನಾನಾದ್ರೆ ಸೇರಿಸ್ತೇನೆ. ಮುಂದಿನ ವರ್ಷ ಅವರು ಬಾರದಿದ್ರೆ ಆ ಖರ್ಚು ನಿಮ್ಮ ತಲೆ ಮೇಲೇ ಬರ್ತದೆ.

ಅಂಕೋಲಾ: ಜುಲೈಗೆ ತರಲಿಕ್ಕೆ ಆಗ್ತದಾ ಅಂತ ಇವತ್ತು ಸಂಜೆ ಅಧ್ಯಕ್ಷರ ಹತ್ತಿರ ಮಾತಾಡ್ತೇನೆ. ಮಳೆ ಹಿಡಿದ್ರೆ ಶಾಲೆಯ ಕೋಣೆಯೇ ಗತಿ.