ಟೇಪರ್ ಲಾಕ್ ಪುಲ್ಲಿ ಶಾಫ್ಟ್ ಬಿಡ್ತಿಲ್ಲ

ತೋಟದಮನೆ, ಸೋಮವಾರಪೇಟೆ: ಕಾಫಿ ಪಲ್ಪರಿನ ಮೋಟಾರ್ ಪುಲ್ಲಿ ತೆಗೆಯಬೇಕು. ಬುಷ್ ಮೇಲೆ 1610 ಅಂತ ಇದೆ. ಎರಡೂ ಸ್ಕ್ರೂ ಬಿಚ್ಚಿದ್ದೇನೆ, ಆದರೂ ಅಲುಗಾಡುತ್ತಿಲ್ಲ. ಪುಲ್ಲರ್ ಹಾಕಿ ಎಳೆಯಲಾ?

ವಿರಾಜಪೇಟೆ ಹುಡುಗ: ಹಾಕಿ ಎಳೆಯಿರಿ. ನಮ್ಮ ಅಕ್ಕಿ ಗಿರಣಿಯ ಪುಲ್ಲಿ ಹಾಗೇ ಬಂತು.

ಹಳೇ ಫಿಟ್ಟರ್, ಕುಶಾಲನಗರ: ನಿಮ್ಮದು ಬರೀ ಕೀ ಇರುವ ಪುಲ್ಲಿ ಇರಬೇಕು, ತಮ್ಮಾ. ಇದು ಬೇರೆ. ಸ್ಕ್ರೂ ಬಿಚ್ಚಿದರೂ ಬುಷ್ ಪುಲ್ಲಿಯೊಳಗೆ ಬೆಣೆಯ ಹಾಗೆ ಕಚ್ಚಿಕೊಂಡೇ ಇರುತ್ತೆ. ಪುಲ್ಲರ್ ಹಾಕಿದರೆ ಬೀಡಿನ ಅಂಚು ಒಡೆಯುತ್ತೆ.

ತೋಟದಮನೆಯವರೇ, ಮೂರು ತೂತು ಇವೆ ನೋಡಿ. ಸ್ಕ್ರೂ ಇದ್ದ ಎರಡರಲ್ಲಿ ಥ್ರೆಡ್ ಪುಲ್ಲಿ ಕಡೆಯ ಅರ್ಧದಲ್ಲಿದೆ. ಖಾಲಿ ಇರುವ ಮೂರನೆಯದರಲ್ಲಿ ಥ್ರೆಡ್ ಬುಷ್ ಕಡೆ. ಬಿಚ್ಚಿದ ಒಂದು ಸ್ಕ್ರೂವಿನ ಥ್ರೆಡ್‌ಗೂ ತುದಿಗೂ ಎಣ್ಣೆ ಹಚ್ಚಿ ಅದಕ್ಕೆ ಹಾಕಿ. ಸ್ಕ್ರೂ ತುದಿ ಪುಲ್ಲಿಯ ತಳವನ್ನು ಒತ್ತುತ್ತೆ, ಬುಷ್ ಹೊರಗೆ ಬರುತ್ತೆ. 5 ಎಂಎಂ ಅಲೆನ್ ಕೀ ಬೇಕು. ಮೊದಲು ಆ ತೂತಿನ ಕಸ ಚೆನ್ನಾಗಿ ಕೆರೆದು ತೆಗೆಯಿರಿ. ಕಾಫಿ ಲೋಳೆ ಒಣಗಿ ಕೂತಿದ್ದರೆ ಸ್ಕ್ರೂ ತಳ ಮುಟ್ಟುವ ಮೊದಲೇ ಬಿಗಿಯಾಗುತ್ತೆ, ನೀವು ಜ್ಯಾಕ್ ಆಗ್ತಿದೆ ಅಂದುಕೊಳ್ತೀರಿ.

ಗೋಣಿಕೊಪ್ಪ ವರ್ಕ್‌ಶಾಪ್: ಸರಿ. ಆದರೆ ಸ್ಕ್ರೂ ಕಳೆದುಹೋಗಿದ್ರೆ ಎಂ 10 ಹಾಕಬಹುದು, ಅಳತೆ ಹತ್ತಿರಾನೇ ಇದೆ.

ಹಳೇ ಫಿಟ್ಟರ್, ಕುಶಾಲನಗರ: ಬೇಡ. ಇದು 3/8 ಇಂಚಿನ ವಿಟ್‌ವರ್ತ್ ಥ್ರೆಡ್. ಎಂ 10 ಒಂದೆರಡು ಸುತ್ತು ಹೋಗಿ ಥ್ರೆಡ್ ತಿಂದುಹಾಕುತ್ತೆ. ಆಮೇಲೆ ಜ್ಯಾಕ್ ಮಾಡೋಕೆ ದಾರಿನೇ ಇರಲ್ಲ.

ತೋಟದಮನೆ, ಸೋಮವಾರಪೇಟೆ: ಅಣ್ಣಾ, ಹಾಕಿದೆ. ಬಿಗಿ ಮಾಡ್ತಾ ಹೋದೆ, ಟಕ್ ಅಂತ ಸದ್ದು ಬಂತು. ಪುಲ್ಲಿ ಈಗ ಬುಷ್ ಮೇಲೆ ಸಡಿಲವಾಗಿದೆ. ಬುಷ್ ಮಾತ್ರ ಶಾಫ್ಟ್ ಬಿಡ್ತಿಲ್ಲ.

ಹಳೇ ಫಿಟ್ಟರ್, ಕುಶಾಲನಗರ: ಆ ಸದ್ದೇ ಗುರುತು. ಇನ್ನು ಬಿಗಿ ಮಾಡಬೇಡಿ. ಮಳೆಗಾಲದ ತುಕ್ಕು ಹಿಡಿದಿದೆ. ಬುಷ್‌ನಲ್ಲಿ ಉದ್ದಕ್ಕೂ ಸೀಳು ಇದೆಯಲ್ವಾ, ಅದರೊಳಗೆ ಚಪ್ಪಟೆ ಸ್ಕ್ರೂಡ್ರೈವರ್ ಇಟ್ಟು ಮೆಲ್ಲಗೆ ತಟ್ಟಿ. ಸೀಳು ಕೂದಲೆಳೆಯಷ್ಟು ಅಗಲವಾದರೂ ಸಾಕು, ಕೈಯಲ್ಲೇ ಜಾರುತ್ತೆ.

ಗೋಣಿಕೊಪ್ಪ ವರ್ಕ್‌ಶಾಪ್: ಮತ್ತೆ ಹಾಕುವಾಗ ಎಲ್ಲಾ ಕಡೆ ಗ್ರೀಸ್ ಹಚ್ಚಿ. ಮುಂದಿನ ಸಲ ಸುಲಭ.

ಹಳೇ ಫಿಟ್ಟರ್, ಕುಶಾಲನಗರ: ಟೇಪರ್ ಮೇಲೆ ಹಚ್ಚಲೇಬಾರದು. ಹಿಡಿತ ಇರೋದೇ ಅಲ್ಲಿ. ಒಣಗಿಸಿ ಒರೆಸಿ, ಎರಡೂ ಸ್ಕ್ರೂ ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ, 20 ನ್ಯೂಟನ್ ಮೀಟರ್ ತನಕ. ಗ್ರೀಸ್ ತುಂಬಬೇಕಾದ್ದು ಖಾಲಿ ಉಳಿಯುವ ಮೂರನೇ ತೂತಿಗೆ.

ಗೋಣಿಕೊಪ್ಪ ವರ್ಕ್‌ಶಾಪ್: ಟೇಪರ್ ವಿಷಯ ಒಪ್ಪಿದೆ. ಆದರೆ ಶಾಫ್ಟ್‌ಗೆ ಒಂದು ತೆಳು ಪದರ ಎಣ್ಣೆ ನಾನು ಹಚ್ಚಿಯೇ ಹಚ್ಚುತ್ತೇನೆ. ಇಲ್ಲಿನ ಮಳೆಗೆ ಒಣ ಶಾಫ್ಟ್ ಒಂದು ವರ್ಷಕ್ಕೇ ಕಚ್ಚಿಕೊಳ್ಳುತ್ತೆ.

ಹಳೇ ಫಿಟ್ಟರ್, ಕುಶಾಲನಗರ: ನಾನು ಹಚ್ಚಲ್ಲ. ಪುಲ್ಲಿ ಜಾರಿದರೆ ಕೀ ಒಂದೇ ಭಾರ ಹೊರಬೇಕು.

ತೋಟದಮನೆ, ಸೋಮವಾರಪೇಟೆ: ಬುಷ್ ಕೈಗೆ ಬಂತು. ಶಾಫ್ಟ್ ಮೇಲೆ ಕೆಂಪು ಪುಡಿ ಇದೆ, ಕೀ ಸ್ಲಾಟ್ ಹತ್ತಿರ ಜಾಸ್ತಿ. ಎಮೆರಿ ಉಜ್ಜಿ ನಾಳೆ ಫೋಟೊ ಹಾಕ್ತೇನೆ.