ಬಲೆಯ ಬೋಯಾ, ಇಪ್ಪತ್ತು ಮಹಡಿ ಮತ್ತು ರೂಟ್ ಹುಡುಕುವ ಮ್ಯಾಟ್ರಿಕ್ಸ್: ವೀಣಕ್ಕನ ಜೊತೆ ಪ್ರಶ್ನೋತ್ತರ

ರೇಷ್ಮಾ, ಕಾರವಾರ: ವೀಣಕ್ಕ, ಬಲೆಗೆ ಕಟ್ಟುವ ಗುಂಡನೆಯ ಬೋಯಾ ನೀರಲ್ಲಿ ಎಷ್ಟು ಮುಳುಗುತ್ತದೆ ಎಂದು ಲೆಕ್ಕ ಹಾಕುತ್ತಿದ್ದೇನೆ. ಘನ ಸಮೀಕರಣ ಬಂತು. ಸೂತ್ರ ಹಾಕಿದರೆ ಎಕ್ಸೆಲ್ #NUM! ಅನ್ನುತ್ತದೆ. ಪೈಥಾನಿನ numpy ಸರಿ ಉತ್ತರ ಕೊಟ್ಟಿತು. ಆದರೆ ಅದು ಒಳಗೆ ಮ್ಯಾಟ್ರಿಕ್ಸ್ ಮಾಡುತ್ತದಂತೆ, ಯಾಕೆ?

ವೀಣಾ: ಸಮೀಕರಣ ಕಳಿಸು.

ರೇಷ್ಮಾ: ತ್ರಿಜ್ಯ 1 ಅಂತ ಇಟ್ಟುಕೊಂಡೆ. ಬೋಯಾದ ತೂಕ ಅದೇ ಗಾತ್ರದ ಸಮುದ್ರದ ನೀರಿನ ಕಾಲು ಭಾಗ. h³ − 3h² + 1 = 0.

ವೀಣಾ: ಚೆನ್ನಾಗಿದೆ. ಇದಕ್ಕೆ ಮೂರು ರೂಟ್, ಮೂರೂ ನಿಜವಾದ ಸಂಖ್ಯೆಗಳೇ: 2.879, 0.653, −0.532. ಬೋಯಾ 0ಯಿಂದ 2ರ ಒಳಗೇ ಮುಳುಗಬೇಕು, ಹಾಗಾಗಿ 0.653. ತ್ರಿಜ್ಯ 10 ಸೆಂ.ಮೀ. ಆದರೆ ಸುಮಾರು ಆರೂವರೆ ಸೆಂ.ಮೀ.

ಸೂತ್ರ ಎಲ್ಲಿ ಮುಗ್ಗರಿಸಿತು ನೋಡು. h = t + 1 ಎಂದು ಹಾಕಿದರೆ t³ − 3t − 1 = 0 ಬರುತ್ತದೆ. 1545ರಲ್ಲಿ ಕಾರ್ಡಾನೊ ಅಚ್ಚು ಹಾಕಿಸಿದ ಸೂತ್ರದಲ್ಲಿ ವರ್ಗಮೂಲದ ಒಳಗೆ 1/4 − 1, ಅಂದರೆ −0.75 ಕೂತಿರುತ್ತದೆ. ಮೂರು ರೂಟೂ ನಿಜವಾದವು, ಬೇರೆ ಬೇರೆ ಎಂದಾದಾಗಲೆಲ್ಲ ಈ ಸೂತ್ರ ಕಾಲ್ಪನಿಕ ಸಂಖ್ಯೆಗಳ ದಾರಿಯಲ್ಲೇ ಹೋಗಬೇಕು. ಎಕ್ಸೆಲ್‌ನ SQRT ಅಲ್ಲಿಗೆ ಹೋಗುವುದಿಲ್ಲ.

ಈಗ ಮ್ಯಾಟ್ರಿಕ್ಸ್. ನಿನ್ನ ಸಮೀಕರಣವನ್ನು h³ = 3h² − 1 ಅಂತ ಬರೆ. h², h, 1 ಇವನ್ನು ಒಂದು ಕಂಬವಾಗಿ ಜೋಡಿಸಿ, ಈ ಮ್ಯಾಟ್ರಿಕ್ಸಿನಿಂದ ಗುಣಿಸು:

```
3  0 -1
1  0  0
0  1  0
```

ಮೊದಲ ಸಾಲು 3h² − 1 ಕೊಡುತ್ತದೆ, ಅದು h³. ಎರಡನೆಯದು h², ಮೂರನೆಯದು h. ಅಂದರೆ ಹಳೇ ಕಂಬವೇ h ಪಟ್ಟು ಆಗಿ ಹೊರಬಂತು. ಐಗನ್‌ವ್ಯಾಲ್ಯೂ ಅಂದರೆ ಅದೇ ಅಲ್ವಾ? ಇದಕ್ಕೆ ಕಂಪ್ಯಾನಿಯನ್ ಮ್ಯಾಟ್ರಿಕ್ಸ್ ಎನ್ನುತ್ತಾರೆ. ಮೊದಲ ಪದದ ಸಹಗುಣಕ 1 ಇದ್ದರೆ, ಉಳಿದ ಸಹಗುಣಕಗಳನ್ನು ಚಿಹ್ನೆ ಬದಲಿಸಿ ಮೊದಲ ಸಾಲಿಗೆ ಹಾಕಿದರೆ ಮುಗಿಯಿತು, ಏನೂ ಲೆಕ್ಕ ಮಾಡಬೇಕಿಲ್ಲ. ಘಾತ 3 ಇರಲಿ 30 ಇರಲಿ, ಅದೇ ಕ್ರಮ.

ಸುಬ್ರಾಯ ಮಾಸ್ತರ್, ಕುಮಟಾ: ವೀಣಾ, ಒಂದು ಮಾತು. ಅಬೆಲ್ 1824ರಲ್ಲೇ ತೋರಿಸಿದ್ದಾನೆ, ಐದನೇ ಘಾತಕ್ಕೆ ಉತ್ತರವೇ ಇಲ್ಲ. ಹಾಗಾಗಿ ಈ ಮ್ಯಾಟ್ರಿಕ್ಸ್ ಕೊಡುವುದೂ ಬರೀ ಅಂದಾಜು.

ವೀಣಾ: ಮಾಸ್ತರೇ, ಅರ್ಧ ಸರಿ. ಉತ್ತರ ಇದೆ. ಕೂಡು, ಕಳೆ, ಗುಣಿಸು, ಭಾಗಿಸು, ಘಾತಮೂಲ ತೆಗೆ, ಇಷ್ಟರಲ್ಲೇ ಎಲ್ಲಕ್ಕೂ ಒಪ್ಪುವ ಸೂತ್ರ ಇಲ್ಲ. ಯಾವ ಪಾಲಿನಾಮಿಯಲ್ ಕೊಟ್ಟರೂ ಅದಕ್ಕೊಂದು ಕಂಪ್ಯಾನಿಯನ್ ಇರುವುದರಿಂದ, ಐಗನ್‌ವ್ಯಾಲ್ಯೂಗೂ ಅಂಥ ಸೂತ್ರ ಇರಲು ಸಾಧ್ಯವಿಲ್ಲ. ಆದ್ದರಿಂದ ಸಾಲ್ವರ್ ಸುತ್ತು ಸುತ್ತಾಗಿ ಹತ್ತಿರ ಹೋಗುತ್ತದೆ. ಅದಕ್ಕೆ ಕ್ಯೂಆರ್ ವಿಧಾನ ಎಂದು ಹೆಸರು. ಪ್ರತಿ ಸುತ್ತಿನಲ್ಲೂ ಉದ್ದ ಬದಲಾಗದಂತೆ ತಿರುಗಿಸುವ ಕೆಲಸ ಮಾತ್ರ, ಅದಕ್ಕೇ ಕೊನೆಯ ಅಂಕಿಗಳನ್ನು ಕತ್ತರಿಸುವಾಗ ಬರುವ ಸಣ್ಣ ತಪ್ಪು ಊದಿಕೊಳ್ಳುವುದಿಲ್ಲ. ‘ಅಂದಾಜು’ ಎಂದರೂ ಕಂಪ್ಯೂಟರ್ ಹಿಡಿಯಬಲ್ಲ ಕೊನೆಯ ಅಂಕಿಗಳವರೆಗೆ.

ಸುಬ್ರಾಯ ಮಾಸ್ತರ್: ವರ್ಗ ಸಮೀಕರಣದ ಸೂತ್ರ ನಲವತ್ತು ವರ್ಷ ಕಲಿಸಿದ್ದೇನೆ. ಅದು ಎಂದೂ ಕೈಕೊಟ್ಟಿಲ್ಲ.

ರೋಶನ್, ಅಂಕೋಲಾ: x² − 100000000x + 1 = 0 ಹಾಕಿ ನೋಡಿ ಸರ್, ಕಂಪ್ಯೂಟರಿನಲ್ಲಿ. ಸಣ್ಣ ರೂಟ್ 0.00000001 ಬರಬೇಕು. ಸೂತ್ರ 0.00000000745 ಕೊಡುತ್ತದೆ. ಕಾಲು ಭಾಗ ತಪ್ಪು.

ಸುಬ್ರಾಯ ಮಾಸ್ತರ್: ಅದು ಕಂಪ್ಯೂಟರಿನ ತಪ್ಪು, ಸೂತ್ರದ್ದಲ್ಲ.

ರೋಶನ್: ನಾವು ಲೆಕ್ಕ ಮಾಡುವುದು ಕಂಪ್ಯೂಟರಿನಲ್ಲೇ ಸರ್.

ಮಂಜುನಾಥ, ಹೊನ್ನಾವರ: *ಫಾರ್ವರ್ಡ್ ಆಗಿದೆ:* ಯಾವುದೇ ಘಾತದ ಸಮೀಕರಣ ಒಂದೇ ಸಾಲಿನಲ್ಲಿ ಬಿಡಿಸುವ ಪ್ರಾಚೀನ ರಹಸ್ಯ! ಹತ್ತು ಜನರಿಗೆ ಕಳಿಸಿ.

ವೀಣಾ: ಮಂಜುನಾಥ, ಇದನ್ನು ಕಳಿಸಿದ್ದು ಮೂರನೇ ಸಲ. ಅದರಲ್ಲಿರುವ ಉದಾಹರಣೆಗಳ ರೂಟೆಲ್ಲ 1, 2, 3. ಊಹೆ ಮಾಡಿದರೂ ಸಿಗುತ್ತವೆ. ಪರೀಕ್ಷೆಗೆ ಕೂರುವ ಮಕ್ಕಳಿಗೆ ದಯವಿಟ್ಟು ಕಳಿಸಬೇಡಿ.

ಗಣಪತಿ, ಸಿದ್ದಾಪುರ: ಸೊಸೈಟಿ ಸಾಲಕ್ಕೆ 60 ಕಂತು. ನಿಜವಾದ ಬಡ್ಡಿ ಎಷ್ಟು ಬೀಳುತ್ತದೆ ಎಂದು np.roots ಹಾಕಿದೆ. 60 ಉತ್ತರ ಬಂತು ಮಾರಾಯ್ರೆ! ಯಾವ ಬಡ್ಡಿ ಕಟ್ಟುವುದು?

ರೋಶನ್: ಕಂತೆಲ್ಲ ಒಂದೇ ಕಡೆಯ ಚಿಹ್ನೆ, ಸಾಲ ಮಾತ್ರ ಇನ್ನೊಂದು ಕಡೆ. ಧನ ರೂಟ್ ಒಂದೇ ಇರುತ್ತದೆ. ಉಳಿದ 59 ಬಿಡಿ.

ವೀಣಾ: ಹೌದು. ನಿಮಗೆ ಬೇಕಾದದ್ದು ಒಂದೇ, ಅದು ಎಲ್ಲಿದೆ ಎಂದೂ ಗೊತ್ತು. ಅಲ್ಲಿ ಮ್ಯಾಟ್ರಿಕ್ಸ್ ಯಾಕೆ? ಉತ್ತರ ಇರುವ ವ್ಯಾಪ್ತಿಯನ್ನು ಮಧ್ಯಕ್ಕೆ ಕತ್ತರಿಸುತ್ತಾ ಹೋಗಿ.

ಸುಬ್ರಾಯ ಮಾಸ್ತರ್: ನೋಡಿದಿರಾ, ಮ್ಯಾಟ್ರಿಕ್ಸ್ ಬೇಡ ಎಂದು ಅವಳೇ ಹೇಳಿದಳು.

ನಾಗವೇಣಿ, ಯಲ್ಲಾಪುರ: ಇದನ್ನೆಲ್ಲ ಮೊಬೈಲಿನಲ್ಲಿ ಮಾಡಬಹುದಾ?

ವಿನಾಯಕ, ಶಿರಸಿ: ಅಕ್ಕ, ಪ್ರಾಜೆಕ್ಟಿಗೆ 20 ಮಹಡಿ ಕಟ್ಟಡದ ಕಂಪನ ಲೆಕ್ಕ. 20×20 ಸಮ್ಮಿತ ಮ್ಯಾಟ್ರಿಕ್ಸ್ ಇದೆ. np.poly ಹಾಕಿ ಪಾಲಿನಾಮಿಯಲ್ ತೆಗೆದು, ಅದನ್ನು np.roots ಗೆ ಕೊಟ್ಟೆ. ಎರಡು ಜೋಡಿ ಕಾಲ್ಪನಿಕ ರೂಟ್ ಬಂದಿವೆ. ಕಟ್ಟಡಕ್ಕೆ ಅಪಾಯ ಇದೆ ಅಂತಾನಾ?

ವೀಣಾ: ಕಟ್ಟಡಕ್ಕಲ್ಲ ತಮ್ಮಾ, ನಿನ್ನ ಲೆಕ್ಕಕ್ಕೆ. ಇದನ್ನು ಸ್ವಲ್ಪ ನಿಧಾನವಾಗಿ ಓದು.

ನಿಜ ಸಂಖ್ಯೆಗಳ ಸಮ್ಮಿತ ಮ್ಯಾಟ್ರಿಕ್ಸಿಗೆ ಕಾಲ್ಪನಿಕ ಐಗನ್‌ವ್ಯಾಲ್ಯೂ ಬರುವಂತೆಯೇ ಇಲ್ಲ. ಬಂದಿದೆ ಎಂದರೆ ದಾರಿಯಲ್ಲಿ ಮಾಹಿತಿ ಸೋರಿದೆ. ಸೋರಿದ್ದು ಸಹಗುಣಕಗಳಲ್ಲಿ. ನೀನೇ ಪರೀಕ್ಷೆ ಮಾಡು:

```python
import numpy as np
A = np.diag(np.arange(1.0, 21))
print(np.roots(np.poly(A)))
print(np.linalg.eigvalsh(A))
```

ಎರಡಕ್ಕೂ ಉತ್ತರ 1ರಿಂದ 20 ಬರಬೇಕು. ಎರಡನೆಯದು ಸರಿ ಬರುತ್ತದೆ. ಮೊದಲನೆಯದರಲ್ಲಿ ನಡುವಿನ ರೂಟ್‌ಗಳು, 14, 15ರ ಸುತ್ತಮುತ್ತ, ಎರಡನೇ ದಶಮಾಂಶಕ್ಕೇ ತಪ್ಪುತ್ತವೆ.

ಈ ಪಾಲಿನಾಮಿಯಲ್ ವಿಲ್ಕಿನ್ಸನ್ ಹೆಸರಿನದು. ಇದರಲ್ಲಿ x¹⁹ರ ಸಹಗುಣಕ −210. ಅದರಿಂದ 2⁻²³, ಅಂದರೆ ಸುಮಾರು 0.00000012 ಕಳೆದರೆ, 16 ಮತ್ತು 17 ಎರಡೂ ಮಾಯವಾಗಿ 16.73 ± 2.81i ಆಗುತ್ತವೆ. ಸಾಲ್ವರ್ ತಪ್ಪಿದ್ದಲ್ಲ. ಅಷ್ಟು ಬದಲಾದ ಸಮೀಕರಣದ ನಿಜವಾದ ಉತ್ತರವೇ ಅದು. ಅದೇ ಬದಲಾವಣೆಯನ್ನು A ಮ್ಯಾಟ್ರಿಕ್ಸಿನ ಕರ್ಣದ ಒಂದು ಅಂಕಿಯಲ್ಲಿ ಮಾಡು, ಆ ಐಗನ್‌ವ್ಯಾಲ್ಯೂ ಅಷ್ಟೇ ಕದಲುತ್ತದೆ, ಅದೇ 0.00000012. ಮ್ಯಾಟ್ರಿಕ್ಸ್ ಗಟ್ಟಿ ಇತ್ತು. ಅದನ್ನು ಪಾಲಿನಾಮಿಯಲ್ ಮಾಡಿದ್ದಕ್ಕೇ ಹುಡಿಯಾಯಿತು.

ಇನ್ನೊಂದು ತಮಾಷೆ. ಮ್ಯಾಟ್ರಿಕ್ಸ್ ಕೊಟ್ಟರೆ np.poly ಒಳಗೆ ಮೊದಲು ಐಗನ್‌ವ್ಯಾಲ್ಯೂ ಹುಡುಕಿ, ಅವನ್ನು ಗುಣಿಸಿ ಸಹಗುಣಕ ಮಾಡುತ್ತದೆ. ಆಮೇಲೆ np.roots ಅವಕ್ಕೆ ಕಂಪ್ಯಾನಿಯನ್ ಕಟ್ಟಿ ಮತ್ತೆ ಐಗನ್‌ವ್ಯಾಲ್ಯೂ ಹುಡುಕುತ್ತದೆ. ಕೈಯಲ್ಲಿದ್ದ ಉತ್ತರವನ್ನು ನೀನು ಹರಿದು, ಅಂಟಿಸಿ ಓದಿದ್ದೀಯ.

ನೇರವಾಗಿ eigvalsh ಗೆ ಕೊಡು. ರಾಶಿಯ ಮ್ಯಾಟ್ರಿಕ್ಸ್ ಬೇರೆ ಇದ್ದರೆ scipy.linalg.eigh(K, M).

ಮಂಜುನಾಥ: ನನಗೆ ಒಂದು ರೂಟ್ ಜೊತೆ 0.00000001j ಎಂಬ ಕಾಲ್ಪನಿಕ ಭಾಗ ಬರುತ್ತದೆ. ಇದೂ ಹರಿದು ಅಂಟಿಸಿದ್ದಾ?

ವೀಣಾ: ಒಂದೇ ರೂಟ್ ಎರಡು ಸಲ ಇದ್ದಿರಬೇಕು. ಆಗ ಹದಿನಾರು ಅಂಕಿಯಲ್ಲಿ ಎಂಟೇ ಉಳಿಯುತ್ತವೆ. ಮೂರು ಸಲ ಇದ್ದರೆ ಐದು. ಹೋದ ವಾರವೂ ಹೇಳಿದ್ದೆ.

ಸುಬ್ರಾಯ ಮಾಸ್ತರ್: ಹಾಗಾದರೆ ಪಾಲಿನಾಮಿಯಲ್ಲೇ ಕೆಟ್ಟದ್ದು ಅಂದ ಹಾಗಾಯಿತು. ಮತ್ತೆ ರೇಷ್ಮಾಳದ್ದನ್ನು ಮ್ಯಾಟ್ರಿಕ್ಸ್ ಮಾಡಿ ಏನು ಬಂತು?

ರೋಶನ್: ಅವಳ ಹತ್ತಿರ ಇದ್ದದ್ದು ಪಾಲಿನಾಮಿಯಲ್. ಇವನ ಹತ್ತಿರ ಇದ್ದದ್ದು ಮ್ಯಾಟ್ರಿಕ್ಸ್. ಇಷ್ಟು ಗೊತ್ತಾಗಲ್ವಾ ಸರ್?

ಸುಬ್ರಾಯ ಮಾಸ್ತರ್: ಮಾತು ನೋಡಿಕೊಂಡು ಆಡು ಹುಡುಗಾ.

ವೀಣಾ: ಇಬ್ಬರೂ ನಿಲ್ಲಿಸಿ. ಮಾಸ್ತರೇ, ರೇಷ್ಮಾಳ ಘನಕ್ಕೆ ಕೊಸೈನ್ ಸೂತ್ರವೂ ಸಾಕು, 1 + 2cos 260° ಹಾಕಿದರೆ 0.653 ಬರುತ್ತದೆ. ಅಷ್ಟು ಒಪ್ಪುತ್ತೇನೆ.

ವಿನಾಯಕ: eigvalsh ಹಾಕಿದೆ ಅಕ್ಕ, ಇಪ್ಪತ್ತೂ ಧನ ಸಂಖ್ಯೆಗಳೇ. ಆದರೆ ಗೈಡ್ ವರದಿಯಲ್ಲಿ ಪಾಲಿನಾಮಿಯಲ್ ಬೇಕೇ ಬೇಕು ಅಂತಾರೆ.

ವೀಣಾ: ಎರಡು ಮಹಡಿಯದ್ದು ಬರೆದು ತೋರಿಸು. ಇಪ್ಪತ್ತರದ್ದು ಅಚ್ಚು ಹಾಕಿಸಬೇಡ.

ನಾಗವೇಣಿ: ಮೊಬೈಲಿನಲ್ಲಿ ಆಗುತ್ತದಾ ಎಂದು ಕೇಳಿದ್ದೆ.