ಸಾರ್ಟ್ ಆಗಿರೋ ಲಿಸ್ಟ್ ಕೊಟ್ಟರೆ ಕ್ವಿಕ್‌ಸಾರ್ಟ್ ಯಾಕೆ ಮುಗ್ಗರಿಸುತ್ತೆ?

ಪ್ರಶ್ನೆ (ಬಿಇ ನಾಲ್ಕನೇ ಸೆಮ್ ವಿದ್ಯಾರ್ಥಿನಿ):
ಸರ್, ಕೊನೆಯ ಸಂಖ್ಯೆಯನ್ನೇ ಪಿವಟ್ ಮಾಡಿಕೊಂಡು ಪೈಥಾನ್‌ನಲ್ಲಿ ಕ್ವಿಕ್‌ಸಾರ್ಟ್ ಬರೆದಿದ್ದೇನೆ. 5000 ರ‍್ಯಾಂಡಮ್ ಸಂಖ್ಯೆ ಕೊಟ್ಟರೆ ತಕ್ಷಣ ಮುಗಿಯುತ್ತೆ. ಅದರ ಔಟ್‌ಪುಟ್ ಫೈಲನ್ನೇ ಮತ್ತೆ ಇನ್‌ಪುಟ್ ಆಗಿ ಕೊಟ್ಟರೆ `RecursionError`. ಕೆಲಸವೇ ಇಲ್ಲದ ಲಿಸ್ಟ್‌ಗೆ ಇದ್ಯಾಕೆ? ಪಾರ್ಟಿಷನ್ ಒಳಗೆ ಏನಾಗುತ್ತೆ ಅಂತ ಚಿಕ್ಕ ಅರೇ ಮೇಲೆ ತೋರಿಸ್ತೀರಾ?

```python
def partition(a, lo, hi):
    pivot = a[hi]
    i = lo
    for j in range(lo, hi):
        if a[j] < pivot:
            a[i], a[j] = a[j], a[i]
            i += 1
    a[i], a[hi] = a[hi], a[i]
    return i
```

ಉತ್ತರ (ಸಾಫ್ಟ್‌ವೇರ್ ಎಂಜಿನಿಯರ್):
ನಿಮ್ಮ ಕೋಡನ್ನೇ ಆರು ಸಂಖ್ಯೆಗಳ ಮೇಲೆ ಓಡಿಸೋಣ: 8 3 6 1 9 5. ಪಿವಟ್ 5. `j` ಎಡದಿಂದ ಒಂದೊಂದೇ ಸಂಖ್ಯೆ ನೋಡುತ್ತಾ ಹೋಗುತ್ತೆ. `i` ಮಾತ್ರ ಗಡಿ ಕಾಯುತ್ತೆ. ಅದರ ಎಡಕ್ಕಿರೋದೆಲ್ಲ ಪಿವಟ್‌ಗಿಂತ ಚಿಕ್ಕದು, ಆ ಮಾತು ಲೂಪ್‌ನ ಯಾವ ಸುತ್ತಿನಲ್ಲೂ ತಪ್ಪೋದಿಲ್ಲ.

```
j=0  8<5 ಇಲ್ಲ    8 3 6 1 9 5   i=0
j=1  3<5 ಹೌದು   3 8 6 1 9 5   i=1
j=2  6<5 ಇಲ್ಲ    3 8 6 1 9 5   i=1
j=3  1<5 ಹೌದು   3 1 6 8 9 5   i=2
j=4  9<5 ಇಲ್ಲ    3 1 6 8 9 5   i=2
ಕೊನೆಯ ಸ್ವಾಪ್     3 1 5 8 9 6   p=2
```

`j=3` ಸಾಲು ಒಮ್ಮೆ ನಿಧಾನವಾಗಿ ನೋಡಿ. 1 ಸಿಕ್ಕಿತು, ಅದು ಗಡಿಯ ಎಡಕ್ಕೆ ಬರಬೇಕು. ಗಡಿಯಲ್ಲಿ ಆಗ ನಿಂತಿದ್ದದ್ದು 8. ಎರಡೂ ಜಾಗ ಬದಲಾಯಿಸಿಕೊಂಡವು, 8 ಹೋಗಿ 6ರ ಆಚೆ ಕೂತಿತು. ದೊಡ್ಡ ಸಂಖ್ಯೆಗಳು ತಮ್ಮತಮ್ಮಲ್ಲಿ ಹಿಂದುಮುಂದಾದರೆ ಪಾರ್ಟಿಷನ್‌ಗೆ ಚಿಂತೆಯಿಲ್ಲ. ಕೊನೆಯ ಸ್ವಾಪ್‌ನಲ್ಲಿ 5 ತನ್ನ ಜಾಗಕ್ಕೆ, ಅಂದರೆ ಇಂಡೆಕ್ಸ್ 2ಕ್ಕೆ ಬಂತು. ಇನ್ನು ಕೊನೆಯವರೆಗೂ ಅದು ಅಲ್ಲಿಂದ ಕದಲೋದಿಲ್ಲ.

ಇಲ್ಲಿವರೆಗೆ 5 ಹೋಲಿಕೆ. ಎಡಕ್ಕೆ ಉಳಿದದ್ದು 3 1, ಅದಕ್ಕೆ ಒಂದು ಹೋಲಿಕೆ. ಬಲಕ್ಕೆ 8 9 6, ಅದರಲ್ಲಿ 6 ಪಿವಟ್. ಎರಡು ಹೋಲಿಕೆ ಮಾಡಿ 6 9 8 ಆಗುತ್ತೆ, ಉಳಿದ 9 8ಕ್ಕೆ ಇನ್ನೊಂದು. ಒಟ್ಟು 9.

ಈಗ ಅದೇ ಸಂಖ್ಯೆಗಳನ್ನು ಸಾರ್ಟ್ ಮಾಡಿ ಕೊಡೋಣ: 1 3 5 6 8 9. ಪಿವಟ್ 9. ಪ್ರತಿ `j`ಗೂ ಉತ್ತರ "ಹೌದು". ಹಾಗಾಗಿ `i` ಮತ್ತು `j` ಜೊತೆಜೊತೆಗೇ ನಡೆಯುತ್ತವೆ, ಪ್ರತಿ ಸಂಖ್ಯೆಯೂ ತನ್ನ ಜೊತೆಗೇ ಸ್ವಾಪ್ ಆಗುತ್ತೆ. ಲೂಪ್ ಮುಗಿದಾಗ `p=5`, ಅರೇ ಇದ್ದ ಹಾಗೇ ಇದೆ. ಎಡಕ್ಕೆ ಐದು ಸಂಖ್ಯೆ, ಬಲಕ್ಕೆ ಸೊನ್ನೆ. ಐದು ಹೋಲಿಕೆ ಖರ್ಚು ಮಾಡಿ ನಾವು ಪಡೆದದ್ದು, ಮೊದಲೇ ತನ್ನ ಜಾಗದಲ್ಲಿದ್ದ 9ನ್ನು ಅಲ್ಲೇ ಕೂರಿಸಿದ್ದು. ಮುಂದಿನ ಸಲ 8ಕ್ಕೆ ಇದೇ ಕಥೆ, ಆಮೇಲೆ 6ಕ್ಕೆ. 5+4+3+2+1, ಒಟ್ಟು 15.

"ಇದು ಆಗಲೇ ಸಾರ್ಟ್ ಆಗಿದೆಯಾ" ಅಂತ ಈ ಕೋಡ್ ಎಲ್ಲೂ ಕೇಳೋದಿಲ್ಲ. ಅದರ ವೇಗವೆಲ್ಲ ಅರೇ ಎರಡು ಹೋಳಾಗೋದರಿಂದ ಬರುತ್ತೆ. ಹೋಳೇ ಆಗದಿದ್ದರೆ ಪ್ರತಿ ಸುತ್ತಿಗೂ ಒಂದೇ ಒಂದು ಸಂಖ್ಯೆ ಕಳಚುತ್ತೆ. 9ಕ್ಕೂ 15ಕ್ಕೂ ದೊಡ್ಡ ಅಂತರ ಕಾಣಲಿಕ್ಕಿಲ್ಲ. ನಿಮ್ಮ 5000ಕ್ಕೆ ಲೆಕ್ಕ ಹಾಕಿ: ಸಾರ್ಟ್ ಆದ ಇನ್‌ಪುಟ್‌ಗೆ n(n−1)/2, ಅಂದರೆ 1,24,97,500 ಹೋಲಿಕೆ. ರ‍್ಯಾಂಡಮ್ ಇನ್‌ಪುಟ್‌ಗೆ ಸರಾಸರಿ 71 ಸಾವಿರದ ಆಸುಪಾಸು.

ಎರರ್ ಬಂದಿದ್ದು ಮಾತ್ರ ಹೋಲಿಕೆ ಹೆಚ್ಚಾಗಿದ್ದಕ್ಕಲ್ಲ. ಒಂದೊಂದೇ ಕಳಚುತ್ತಾ ಹೋದರೆ ಫಂಕ್ಷನ್ ತನ್ನನ್ನೇ ಹೆಚ್ಚುಕಡಿಮೆ 5000 ಆಳದವರೆಗೆ ಕರೆಯಬೇಕು, ಪೈಥಾನ್ ಸಾಮಾನ್ಯವಾಗಿ 1000ಕ್ಕೇ ತಡೆಯುತ್ತೆ. ಸಿ ಭಾಷೆಯಲ್ಲಿ ಬರೆದಿದ್ದರೆ 5000ಕ್ಕೆ ಇದು ಸದ್ದಿಲ್ಲದೆ ಮುಗಿಯುತ್ತಿತ್ತು, ನಿಮಗೆ ಅನುಮಾನವೂ ಬರುತ್ತಿರಲಿಲ್ಲ. `return i`ಗೆ ಮುಂಚೆ `print(lo, hi, i)` ಹಾಕಿ ನೋಡಿ. ಕೊನೆಯ ಅಂಕಿ 4999, 4998, 4997 ಅಂತ ಇಳಿಯುತ್ತಾ ಹೋದರೆ ರೋಗ ಇದೇ.

ಪ್ರತಿಕ್ರಿಯೆ (ವೆಬ್ ಡೆವಲಪರ್):
ಇಷ್ಟುದ್ದ ಯಾಕೆ ಸರ್? `sys.setrecursionlimit(10000)` ಹಾಕಿದರೆ ಮುಗೀತು. ಇಲ್ಲಾಂದ್ರೆ ಕೊನೆಯದರ ಬದಲು ಮೊದಲನೇ ಸಂಖ್ಯೆ ಪಿವಟ್ ಮಾಡಿ, ಸಾರ್ಟ್ ಆಗಿರೋ ಲಿಸ್ಟ್‌ನಲ್ಲಿ ಕೊನೆಯದು ತಾನೇ ದೊಡ್ಡದು, ತೊಂದರೆ ಅಲ್ಲೇ ಇರೋದು.

ಎಂಜಿನಿಯರ್:
ಲಿಮಿಟ್ ಏರಿಸಿದರೆ ಎರರ್ ಹೋಗಬಹುದು, ಒಂದೂಕಾಲು ಕೋಟಿ ಹೋಲಿಕೆ ಎಲ್ಲಿಗೂ ಹೋಗಲ್ಲ. ಒಂದು ಲಕ್ಷ ಸಂಖ್ಯೆ ಕೊಟ್ಟರೆ ಅದು ಹತ್ತಿರಹತ್ತಿರ 500 ಕೋಟಿ ಆಗುತ್ತೆ. ರ‍್ಯಾಂಡಮ್ ಆಗಿದ್ದಿದ್ದರೆ 20 ಲಕ್ಷ ಸಾಕಿತ್ತು. ಇನ್ನು ಮೊದಲನೇ ಸಂಖ್ಯೆ ಪಿವಟ್ ಆದರೆ ಎಲ್ಲವೂ ಬಲಕ್ಕೆ ಬೀಳುತ್ತೆ, ಎಡ ಖಾಲಿ. ದಿಕ್ಕು ಬದಲಾಯಿತು ಅಷ್ಟೇ. ನಡುವಿನದನ್ನು ತಗೊಳ್ಳಿ ಅಂದಿದ್ದರೆ ಅರ್ಧ ಒಪ್ಪುತ್ತಿದ್ದೆ. ಸಾರ್ಟ್ ಆದ ಲಿಸ್ಟ್‌ಗೆ ಅದು ಸರಿಯಾಗಿ ಮಧ್ಯಕ್ಕೇ ಸೀಳುತ್ತೆ. ಆದರೆ ಯಾವ ಜಾಗದ ಸಂಖ್ಯೆ ಪಿವಟ್ ಅಂತ ಮೊದಲೇ ಗೊತ್ತಿದ್ದರೆ, ಅದಕ್ಕೆ ತಕ್ಕ ಕೆಟ್ಟ ಇನ್‌ಪುಟ್ ಕಟ್ಟಬಹುದು.

ನಾನಾದರೆ ಲೂಪ್‌ಗೆ ಮುಂಚೆ, ಅಂದರೆ `pivot = a[hi]`ಗೂ ಮೊದಲು, ಎರಡು ಸಾಲು ಸೇರಿಸುತ್ತೇನೆ:

```python
r = random.randint(lo, hi)
a[r], a[hi] = a[hi], a[r]
```

ಫೈಲ್‌ನ ಮೇಲ್ಗಡೆ `import random` ಇರಲಿ, ಉಳಿದ ಕೋಡ್ ಮುಟ್ಟಬೇಕಿಲ್ಲ. ಇದೇನು ಆಮೇಲೆ ಹಾಕಿದ ತೇಪೆಯೂ ಅಲ್ಲ. ಟೋನಿ ಹೋರ್ 1961ರಲ್ಲಿ ಪ್ರಕಟಿಸಿದ ಮೂಲ ಕ್ವಿಕ್‌ಸಾರ್ಟ್‌ನಲ್ಲೇ ಪಿವಟ್ ರ‍್ಯಾಂಡಮ್ ಆಗಿತ್ತು. ಪಾಠ ಮಾಡೋಕೆ ಸುಲಭ ಅಂತ ನಾವು "ಕೊನೆಯದು" ಮಾಡಿಕೊಂಡು, ಬೈಗುಳ ಮಾತ್ರ ಕ್ವಿಕ್‌ಸಾರ್ಟ್‌ಗೆ ಕೊಡ್ತೀವಿ.

ಪ್ರತಿಕ್ರಿಯೆ (ಹಾಲಿನ ಡೇರಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುವವರು):
ನಮ್ಮದು ಪೂರ್ತಿ ಸಾರ್ಟ್ ಆದ ಲಿಸ್ಟ್ ಅಲ್ಲ ಸರ್, ಆದರೂ ನಿಧಾನ. ಸದಸ್ಯರ ನಂಬರ್ ಪ್ರಕಾರ ಲಿಸ್ಟ್ ಇಟ್ಟಿರ್ತೀವಿ, ಹೊಸ ಎಂಟ್ರಿ ಕೊನೆಗೆ ಸೇರುತ್ತೆ, ಮತ್ತೆ ಪೂರ್ತಿ ಸಾರ್ಟ್. ಆ ಹೊಸ ಎಂಟ್ರಿಯೇ ಪಿವಟ್ ಆಗಿ ನಡುವೆ ಎಲ್ಲೋ ಸೀಳಬೇಕಲ್ವಾ? ಹಾಗಾದ್ರೆ ವೇಗವಾಗಬೇಕಿತ್ತು.

ಎಂಜಿನಿಯರ್:
ಸೀಳುತ್ತೆ, ಒಂದೇ ಒಂದು ಸಲ. 1 3 5 6 8 9ರ ಕೊನೆಗೆ 4 ಸೇರಿಸಿ ನೋಡಿ. ಮೊದಲ ಪಾರ್ಟಿಷನ್ ಆದಮೇಲೆ:

```
1 3 | 4 | 6 8 9 5
```

ಎಡಗಡೆಯ ಹೋಳು ಸಾರ್ಟ್ ಆಗೇ ಇದೆ, ಅಲ್ಲಿ ಹಳೇ ಕಥೆ. ಬಲಗಡೆ ಇನ್ನೂ ತಮಾಷೆ. 4ಕ್ಕೆ ಜಾಗ ಬಿಟ್ಟ 5 ಕೊನೆಗೆ ಹೋಗಿ ಕೂತಿದೆ. ಆ ಹೋಳಿನಲ್ಲಿ ಅದೇ ಅತಿ ಚಿಕ್ಕದು, ಅದೇ ಮುಂದಿನ ಪಿವಟ್. ಒಂದೂ ಅದಕ್ಕಿಂತ ಚಿಕ್ಕದಿಲ್ಲ, ಕೊನೆಯ ಸ್ವಾಪ್ ಆದಮೇಲೆ 5 8 9 6. ಈಗ ಉಳಿದ 8 9 6ರಲ್ಲಿ ಮತ್ತೆ ಅತಿ ಚಿಕ್ಕದೇ ಕೊನೆಗೆ. ಹೀಗೆ ಪ್ರತಿ ಸಲವೂ ಅತಿ ಚಿಕ್ಕದು ತಾನಾಗಿ ಪಿವಟ್ ಜಾಗಕ್ಕೆ ಬಂದು ಕೂರುತ್ತೆ. ಹೊಸ ಎಂಟ್ರಿ ಸರಿಯಾಗಿ ಮಧ್ಯಕ್ಕೇ ಬಿದ್ದರೂ ಒಟ್ಟು ಹೋಲಿಕೆ ಸುಮಾರು ಅರ್ಧಕ್ಕೆ ಇಳಿಯುತ್ತೆ ಅಷ್ಟೇ, n² ಬಿಟ್ಟು ಹೋಗಲ್ಲ.

ನಿಮ್ಮ ಕೆಲಸಕ್ಕೆ ಕ್ವಿಕ್‌ಸಾರ್ಟೇ ಬೇಕಾಗಿಲ್ಲ. ಒಂದೇ ಎಂಟ್ರಿ ಸೇರಿದ್ದರೆ ಅದನ್ನು ಹಿಂದಕ್ಕೆ ಸರಿಸುತ್ತಾ ಹೋಗಿ ಜಾಗಕ್ಕೆ ಸೇರಿಸಿ.

ಪ್ರತಿಕ್ರಿಯೆ (ಡೇಟಾ ಅನಲಿಸ್ಟ್):
ಪೈಥಾನ್‌ನಲ್ಲಿ `sort()` ಇದ್ದೂ ಇದೆಲ್ಲ ಯಾಕೆ? ಅದು ಸಾರ್ಟ್ ಆಗಿರೋ ಲಿಸ್ಟನ್ನು n−1 ಹೋಲಿಕೆಯಲ್ಲಿ ಮುಗಿಸುತ್ತೆ.

ಪ್ರಶ್ನೆ ಕೇಳಿದವರು:
ನಿಜ ಮೇಡಂ, ಆದರೆ ಲ್ಯಾಬ್ ರೆಕಾರ್ಡ್‌ನಲ್ಲಿ `sort()` ಅಂತ ಒಂದು ಸಾಲು ಬರೆದರೆ ನನ್ನನ್ನು ಹೊರಗೆ ಕಳಿಸ್ತಾರೆ!

ಸರ್, ರ‍್ಯಾಂಡಮ್ ಪಿವಟ್ ಹಾಕಿದೆ. ಸಾರ್ಟ್ ಆದ 5000ಕ್ಕೂ ರಿಕರ್ಷನ್ ಆಳ ಮೂವತ್ತರ ಆಸುಪಾಸಿನಲ್ಲಿ ನಿಲ್ತಿದೆ. ಆದರೆ ಸಂಖ್ಯೆಗಳನ್ನು `randint(1, 100)` ಅಂತ ಮಾಡಿದರೆ ಆಳ ಅದರ ಎರಡು ಪಟ್ಟು ದಾಟುತ್ತೆ. ಪಿವಟ್ ರ‍್ಯಾಂಡಮ್, ಡೇಟಾನೂ ರ‍್ಯಾಂಡಮ್, ಆದರೂ ಯಾಕೆ?

ಪ್ರತಿಕ್ರಿಯೆ (ಉಪನ್ಯಾಸಕಿ):
ಇದಕ್ಕೆ ನಾನು ಹೇಳ್ತೀನಿ. 5000 ಸಂಖ್ಯೆ, ಬೆಲೆಗಳು ನೂರೇ. ಅಂದರೆ ಒಂದೊಂದು ಬೆಲೆಯೂ ಸರಾಸರಿ 50 ಸಲ ಇದೆ. ನಿಮ್ಮ ಕೋಡ್‌ನಲ್ಲಿ ಇರೋದು `<`. ಪಿವಟ್‌ಗೆ ಸಮ ಇದ್ದವು ಯಾವಾಗಲೂ ಬಲಕ್ಕೇ ಹೋಗುತ್ತವೆ. 7 7 7 7 ಅಂತ ಬರೆದು ನೀವೇ ಓಡಿಸಿ: ಎಲ್ಲಾ "ಇಲ್ಲ", `i` ಜಾಗ ಬಿಟ್ಟು ಅಲ್ಲಾಡಲ್ಲ, ಎಡ ಖಾಲಿ. ಯಾವ 7 ಆರಿಸಿದರೂ ಅದು 7 ತಾನೇ, ರ‍್ಯಾಂಡಮ್ ಇಲ್ಲಿ ಏನು ಮಾಡೀತು? ಹಾಗಾಗಿ 50 ಸಮ ಸಂಖ್ಯೆ ಇದ್ದ ಕಡೆ ಆಳ 50ಕ್ಕಿಂತ ಕಡಿಮೆ ಆಗೋಕೇ ಸಾಧ್ಯವಿಲ್ಲ. `<=` ಮಾಡಿದರೆ ಎಡಕ್ಕೆ ಬೀಳ್ತವೆ, ಲಾಭವಿಲ್ಲ. ಪರೀಕ್ಷೆಯ ಅಂಕಗಳನ್ನು ಸಾರ್ಟ್ ಮಾಡಿಸಿದಾಗ ವಿದ್ಯಾರ್ಥಿಗಳ ಕೋಡ್ ಹೀಗೆ ಒದ್ದಾಡೋದನ್ನು ನೋಡಿದ್ದೀನಿ.

ಚಿಕ್ಕವು, ಸಮ ಇರುವವು, ದೊಡ್ಡವು ಅಂತ ಮೂರು ಹೋಳು ಮಾಡಿ, ನಡುವಿನ ಹೋಳನ್ನು ಮತ್ತೆ ಮುಟ್ಟಬೇಡಿ. ಎಲ್ಲಾ ಸಮ ಇದ್ದರೆ ಒಂದೇ ಸುತ್ತಿಗೆ ಮುಗಿಯುತ್ತೆ.

ಎಂಜಿನಿಯರ್:
ಮೂರು ಹೋಳು ಸರಿ ಮೇಡಂ. ಹೋರ್ ಅವರ ಹಾಗೆ ಎರಡೂ ತುದಿಯಿಂದ ಬಂದು, ಸಮ ಸಿಕ್ಕಾಗಲೂ ನಿಂತು ಸ್ವಾಪ್ ಮಾಡಿದರೂ ಆಗುತ್ತೆ. ಸಮ ಇರೋವು ಎರಡೂ ಕಡೆ ಹಂಚಿಹೋಗ್ತವೆ. ನನಗೆ ಅದೇ ಇಷ್ಟ.

ಉಪನ್ಯಾಸಕಿ:
ಇಷ್ಟ ಸರಿ, ಆದರೆ ಅದರಲ್ಲಿ ಒಂದು ಇಂಡೆಕ್ಸ್ ತಪ್ಪಿದರೂ ಪ್ರೋಗ್ರಾಂ ನಿಲ್ಲೋದೇ ಇಲ್ಲ. ಲ್ಯಾಬ್‌ನಲ್ಲಿ ಆ ಬಗ್ ಹುಡುಕೋದು ನಾನು, ನೀವಲ್ಲ. ನಾಲ್ಕನೇ ಸೆಮ್‌ಗೆ ಮೂರು ಹೋಳೇ ಇರಲಿ. ಮತ್ತೆ ನೀವಮ್ಮ, ಗ್ರಾಫ್ ಬರೆಯುವಾಗ ಸಾರ್ಟ್ ಆದ ಇನ್‌ಪುಟ್‌ಗೆ ಹಳೇ ಕೋಡ್‌ನ ಗೆರೆಯನ್ನೂ ಅದೇ ಹಾಳೆಯಲ್ಲಿ ಹಾಕಿ. n ದುಪ್ಪಟ್ಟು ಮಾಡಿದಾಗ ಸಮಯ ನಾಲ್ಕು ಪಟ್ಟಾಗುತ್ತಾ ನೋಡಿ, ವೈವಾದಲ್ಲಿ ಅದನ್ನೇ ಕೇಳ್ತಾರೆ. ಆ ಒಂದು ಗೆರೆಗೆ ಮಾತ್ರ ರಿಕರ್ಷನ್ ಲಿಮಿಟ್ ಏರಿಸಿಕೊಳ್ಳಿ.

ವೆಬ್ ಡೆವಲಪರ್:
ನೋಡಿ, ಕೊನೆಗೂ ನನ್ನ `setrecursionlimit` ಬೇಕಾಯ್ತು.